ಮಲಗಿದರೆ ಬಿಪಿ 178, ನಿಂತರೆ 94: ಮಂಚದ ತಲೆಭಾಗ ಎತ್ತಿಸಿ ನೋಡಿದವರು ಇದ್ದೀರಾ?

ದೊಡ್ಡಮಗಳು ಕೇಳಿದ್ದು:
ಅಪ್ಪನಿಗೆ 71 ವರ್ಷ, ಪಾರ್ಕಿನ್ಸನ್ ಶುರುವಾಗಿ 6 ವರ್ಷ. ಮಲಗಿದ್ದಾಗ ಬಿಪಿ 178/96, ಎದ್ದು ನಿಂತರೆ 94/58. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದಿದ್ದಾರೆ. ತಲೆ ಎತ್ತರ ಮಾಡಿ ಮಲಗಿಸಿ ಅಂದರು ಡಾಕ್ಟರು. ಮೂರು ದಿಂಬು ಇಟ್ಟೆ. ಕುತ್ತಿಗೆ ನೋವು ಬಂತು, ಬಿಪಿ ಹಾಗೇ ಇದೆ. ಎಷ್ಟು ಎತ್ತರ ಬೇಕು, ಹೇಗೆ ಮಾಡಬೇಕು? ಮನೆಯಲ್ಲಿ ಮಾಡಿದವರು ಹೇಳಿ.

ಹಳೇ ರೇಡಿಯೋ:
ನಮ್ಮ ಮಾವನಿಗೂ ಇದೇ ಕಥೆ. 178 ಅಂದರೆ ಸುಮ್ನೆ ಬಿಡೋ ಬಿಪಿ ಅಲ್ಲ. ನಾವು ಉಪ್ಪು ತೀರಾ ಕಡಿಮೆ ಮಾಡಿದೆವು, ಬೆಳಿಗ್ಗೆ ಒಂದು ಬಿಪಿ ಮಾತ್ರೆ ಶುರು ಮಾಡಿದರು. ಈಗ ಮಲಗಿದಾಗ 140 ಇರುತ್ತದೆ. ಏಳುವಾಗ ಮಾತ್ರ ನಿಧಾನವಾಗಿ ಏಳಿಸಬೇಕು, ಅಷ್ಟೇ. ದಿಂಬು ಎರಡು ಸಾಕು.

ಸಂಜೆಬಿಸಿಲು:
ರೇಡಿಯೋ ಅವರೇ, ಮಾವನವರನ್ನು ನಿಲ್ಲಿಸಿ ಬಿಪಿ ನೋಡಿದ್ದೀರಾ? ಬೇಜಾರು ಮಾಡಿಕೊಳ್ಳಬೇಡಿ. ನಾವೂ ಇದೇ ತಪ್ಪು ಮಾಡಿದ್ದೆವು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಯಜಮಾನರಿಗೆ ಎಂಎಸ್‌ಎ, ಪಾರ್ಕಿನ್ಸನ್ ಥರದ್ದೇ ಇನ್ನೊಂದು ನರರೋಗ. ಒಂದು ಕಡೆ ಚೆಕಪ್‌ನಲ್ಲಿ ಮಲಗಿಸಿಯೇ ಬಿಪಿ ನೋಡಿ, ದಿನವಿಡೀ ಕೆಲಸ ಮಾಡುವ ಮಾತ್ರೆ ಬರೆದುಕೊಟ್ಟರು. ಮೂರನೇ ದಿನ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡರು. ಮಲಗಿದಾಗಿನ ಅಂಕಿ ಚೆನ್ನಾಗಿತ್ತು, ನಿಂತಾಗಿನದು 74.

ಇದು ಸಾಮಾನ್ಯ ಬಿಪಿ ಕಾಯಿಲೆ ಅಲ್ಲ. ನಿಂತಾಗ ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ಆಗ ರಕ್ತನಾಳ ಬಿಗಿ ಮಾಡೋದು ನರಗಳ ಕೆಲಸ. ನಮ್ಮವರಿಗೆ ಆ ನರಗಳೇ ಕೈಕೊಟ್ಟಿವೆ. ಮಲಗಿದರೆ ಇಳಿದ ರಕ್ತವೆಲ್ಲ ಎದೆಗೆ ವಾಪಸ್ಸು ಬರುತ್ತದೆ, ಅದನ್ನು ಸಂಭಾಳಿಸುವವರೂ ಇಲ್ಲ. ಹಾಗಾಗಿ ಒಬ್ಬರಿಗೇ ಎರಡೂ ಇರುತ್ತದೆ. ಉಪ್ಪು ಪೂರ್ತಿ ಬಿಡಿಸಿದರೆ ನಿಂತಾಗಿನ ಬಿಪಿ ಇನ್ನೂ ಕೆಳಗಿಳಿಯುತ್ತದೆ. ಎಷ್ಟೋ ಜನಕ್ಕೆ ಡಾಕ್ಟರೇ ಉಪ್ಪು ಜಾಸ್ತಿ ತಿನ್ನಲು ಹೇಳುತ್ತಾರೆ. ಹೃದಯ, ಕಿಡ್ನಿ ನೋಡಿಕೊಂಡು ಅವರೇ ಹೇಳಬೇಕು.

ದೊಡ್ಡಮಗಳೇ, ಅಪ್ಪ ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ?

ದೊಡ್ಡಮಗಳು:
ನಾಲ್ಕೈದು ಸಲ. ಪ್ರಾಸ್ಟೇಟ್ ಅಂತ ಅದಕ್ಕೂ ಒಂದು ಮಾತ್ರೆ ಕೊಟ್ಟಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸಂಜೆಬಿಸಿಲು:
ಇದೆ. ತಲೆಭಾಗ ಎತ್ತಿಸುವುದರ ಗುಟ್ಟೇ ಅಲ್ಲಿದೆ. ಮಲಗಿದಾಗ ಬಿಪಿ ಏರಿದರೆ ಕಿಡ್ನಿ "ನೀರು ಜಾಸ್ತಿ ಆಗಿದೆ" ಅಂದುಕೊಂಡು ಉಪ್ಪು, ನೀರು ಎರಡನ್ನೂ ಹೊರಗೆ ಹಾಕುತ್ತದೆ. ನಾನು ಒಂದು ವಾರ ರಾತ್ರಿ 10ಕ್ಕೆ, ಬೆಳಿಗ್ಗೆ 6ಕ್ಕೆ ಯಜಮಾನರ ತೂಕ ನೋಡಿದೆ. ಒಂದು ದಿನ 61.8 ಕೆ.ಜಿ. ಇದ್ದವರು ಬೆಳಿಗ್ಗೆ 60.5. ಅಳತೆ ಜಗ್‌ನಲ್ಲಿ ಹಿಡಿದರೆ ರಾತ್ರಿಯ ಮೂತ್ರ 1,100 ಮಿ.ಲೀ., ಹಗಲಿನದು 600. ಉಲ್ಟಾ ಅಲ್ವಾ! ಅಷ್ಟು ನೀರು ಕಳೆದುಕೊಂಡು ಎದ್ದ ಮನುಷ್ಯ ಬೆಳಿಗ್ಗೆಯೇ ಬೀಳೋದರಲ್ಲಿ ಆಶ್ಚರ್ಯ ಏನಿದೆ?

ದಿಂಬು ಇಟ್ಟರೆ ಕತ್ತು ಮಾತ್ರ ಬಾಗುತ್ತದೆ. ಎದೆ, ಹೊಟ್ಟೆ, ಕಾಲು ಒಂದೇ ಮಟ್ಟದಲ್ಲಿ ಉಳಿಯುತ್ತವೆ. ಮಂಚವೇ ಇಳಿಜಾರಾಗಬೇಕು, ತಲೆಯಿಂದ ಕಾಲಿನವರೆಗೆ ಒಂದೇ ಹಲಗೆಯ ಹಾಗೆ. ಆಗ ಸ್ವಲ್ಪ ರಕ್ತ ಕಾಲಿನ ಕಡೆ ನಿಲ್ಲುತ್ತದೆ, ರಾತ್ರಿ ಬಿಪಿ ಇಳಿಯುತ್ತದೆ, ಕಿಡ್ನಿ ಸುಮ್ಮನಾಗುತ್ತದೆ.

ನಾವು ಮೊದಲು ತಲೆ ಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಇಟ್ಟೆವು. ನಾಲ್ಕನೇ ರಾತ್ರಿ ಮಗ್ಗುಲಾದಾಗ ಒಂದು ಕಾಲು ಜಾರಿ ಮಂಚ ಧಡ್ ಅಂತ ಕೂತಿತು. ಆಮೇಲೆ ಬಡಗಿಯಿಂದ ಮರದ ಗಟ್ಟಿ ದಿಮ್ಮಿ ಮಾಡಿಸಿದೆ. ಮೇಲೆ ಮಂಚದ ಕಾಲು ಕೂರುವಷ್ಟು ಗುಳಿ ಕೊರೆಸಿದ್ದೇನೆ, ಕೆಳಗೆ ರಬ್ಬರ್ ಅಂಟಿಸಿದೆ. 10 ಸೆಂ.ಮೀ.ನಿಂದ ಶುರು ಮಾಡಿದೆವು, ವಾರ ಬಿಟ್ಟು 15, ಆಮೇಲೆ 23. ಒಂದೇ ಸಲ ಎತ್ತಿದರೆ ನಿದ್ದೆಯೇ ಬರಲ್ಲ, ಮಾರನೇ ದಿನ "ತೆಗೆದುಬಿಡು" ಅಂತಾರೆ.

ಮಳೆಹನಿ:
ನನಗೂ ತಲೆ ಎತ್ತರ ಮಾಡಿ ಮಲಗಲು ಹೇಳಿದ್ದರು. ಇಳಿಜಾರಿನ ಫೋಮ್ ದಿಂಬು ತಗೊಂಡೆ. ಎರಡು ವಾರದಲ್ಲಿ ಹುಳಿತೇಗು, ಎದೆಯುರಿ ಎಲ್ಲ ಮಾಯ! ಅಪ್ಪನಿಗೂ ಅದೇ ಕೊಡಿಸಿ, ದಿಮ್ಮಿ ಗಿಮ್ಮಿ ಯಾಕೆ?

ಮೂರನೇ ಪಾಳಿ:
ಮಳೆಹನಿಯವರೇ, ನಿಮ್ಮದು ಹೊಟ್ಟೆಯ ಆಸಿಡ್, ಇವರದು ರಕ್ತದ ಒತ್ತಡ. ಎದೆಯುರಿಗೆ ಆ ದಿಂಬು ಸರಿ. ಇಲ್ಲಿ ಅದು ಸೊಂಟದ ಮೇಲೆ ಮಾತ್ರ ಎತ್ತುತ್ತದೆ, ಕಾಲು ಚಪ್ಪಟೆಯಾಗೇ ಇರುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಮಂಚದ ಇಳಿಜಾರಿಗೆ ಸಮ ಅಲ್ಲ.

ನಾನು ವಾರ್ಡ್‌ನಲ್ಲಿ ನರ್ಸ್, ನರರೋಗದವರನ್ನು ಬಹಳ ವರ್ಷ ನೋಡಿದ್ದೇನೆ. 2 ಮೀಟರ್ ಮಂಚವನ್ನು 23 ಸೆಂ.ಮೀ. ಎತ್ತಿದರೆ 7 ಡಿಗ್ರಿಯೂ ಆಗಲ್ಲ. 12 ಡಿಗ್ರಿ ಬೇಕೆಂದರೆ 40 ಸೆಂ.ಮೀ. ದಾಟಬೇಕು. ಮನೆಯಲ್ಲಿ ಅಷ್ಟು ಎತ್ತಿದರೆ ಮನುಷ್ಯ ಬೆಳಗಾಗುವಷ್ಟರಲ್ಲಿ ಮಂಚದ ಕಾಲುಭಾಗದಲ್ಲಿ ಮುದುಡಿಕೊಂಡಿರುತ್ತಾನೆ. ಕಾಲು ಕಡೆ ಹಲಗೆ ಇರಲಿ, ಅದಕ್ಕೆ ಮೆತ್ತನೆಯ ದಿಂಬು ಒರಗಿಸಿ. ಇಲ್ಲದಿದ್ದರೆ ಹಿಮ್ಮಡಿ ಉಜ್ಜಿ ಹುಣ್ಣಾಗುತ್ತದೆ.

ಅಳೆಯುವ ರೀತಿಯೂ ಮುಖ್ಯ. ಚಪ್ಪಟೆ ಮಲಗಿಸಿ 5 ನಿಮಿಷ ಬಿಟ್ಟು ಒಂದು ಸಲ. ಎದ್ದು ನಿಂತ 1ನೇ ನಿಮಿಷ, 3ನೇ ನಿಮಿಷ ಮತ್ತೆ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಪ್ರತಿ ಸಲ ನಾಡಿಯನ್ನೂ ಬರೆಯಿರಿ. ಬಿಪಿ 80ರಷ್ಟು ಬಿದ್ದರೂ ನಾಡಿ ಐದಾರು ಮಾತ್ರ ಏರಿದರೆ ನರದ ತೊಂದರೆ ಅನ್ನೋದಕ್ಕೆ ಅದು ದೊಡ್ಡ ಸುಳಿವು. ನಾಡಿ 70ರಿಂದ 110ಕ್ಕೆ ಹಾರಿದರೆ ನೀರು ಕಡಿಮೆ ಆಗಿದೆಯಾ, ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ಮೊದಲು ನೋಡಬೇಕು.

ಮಾತ್ರೆಗಳ ಪಟ್ಟಿ ಹಾಕುತ್ತೀರಾ? ಪ್ರಾಸ್ಟೇಟ್ ಮಾತ್ರೆಗಳಲ್ಲಿ ಕೆಲವು ನಿಂತಾಗಿನ ಬಿಪಿ ಇಳಿಸುತ್ತವೆ.

ದೊಡ್ಡಮಗಳು:
ಪಾರ್ಕಿನ್ಸನ್‌ಗೆ ಲೆವೊಡೋಪಾ ದಿನಕ್ಕೆ ನಾಲ್ಕು ಸಲ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ರಾತ್ರಿ, ಮಿಡೋಡ್ರಿನ್ ಮೂರು ಸಲ. ಕೊನೆಯದು ರಾತ್ರಿ 8ಕ್ಕೆ. 9:30ಕ್ಕೆ ಮಲಗುತ್ತಾರೆ. ನಾಡಿ ಈಗ ನೋಡಿದೆ: ಮಲಗಿದಾಗ 70, ನಿಂತಾಗ 76.

ಮೂರನೇ ಪಾಳಿ:
ಸಿಕ್ಕಿತು ನೋಡಿ! ಮಿಡೋಡ್ರಿನ್ ಬಿಪಿ ಏರಿಸುವ ಮಾತ್ರೆ. ಕೊನೆಯ ಡೋಸ್ ಆದ ಮೇಲೆ ಕನಿಷ್ಠ 4 ಗಂಟೆ ಮಲಗಬಾರದು. 8ಕ್ಕೆ ನುಂಗಿ 9:30ಕ್ಕೆ ಮಲಗಿದರೆ ನೀವೇ ಬಿಪಿ ಏರಿಸಿ ಮಲಗಿಸಿದ ಹಾಗೆ. ನೀವಾಗಿ ಬದಲಿಸಬೇಡಿ, ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಈ ಎರಡು ಸಮಯ ಹೇಳಿ. ಟ್ಯಾಮ್ಸುಲೋಸಿನ್ ವಿಷಯವನ್ನೂ ಕೇಳಿ. ಲೆವೊಡೋಪಾ ಮಾತ್ರ ಯಾವ ಕಾರಣಕ್ಕೂ ತಟ್ಟನೆ ನಿಲ್ಲಿಸಬೇಡಿ.

ಕಲ್ಲುಸಕ್ಕರೆ:
ಎಲ್ಲರೂ ಮಂಚ ಮಂಚ ಅಂತಿದ್ದೀರಿ. ನಾನು ಅಮ್ಮನಿಗೆ ಎರಡು ತಿಂಗಳು ಮಾಡಿಸಿದೆ. ಜಾರೋದು, ಸೊಂಟ ನೋವು, ರಾತ್ರಿ ನಿದ್ದೆಯೂ ಹೋಯಿತು. ನಿಂತಾಗಿನ ಬಿಪಿ ಇದ್ದಲ್ಲೇ ಇತ್ತು. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವಯಸ್ಸಾದವರಿಗೆ 15 ಸೆಂ.ಮೀ. ಎತ್ತಿಸಿ 6 ವಾರ ನೋಡಿದ್ದರು, ಹೆಚ್ಚಿನ ಲಾಭ ಕಾಣಲಿಲ್ಲ. 1940ರಿಂದ ಹೇಳುತ್ತಾ ಬಂದಿದ್ದಾರೆ ಅಂತ ಎಲ್ಲರೂ ಹೇಳುತ್ತಿದ್ದಾರೆ ಅನ್ನಿಸುತ್ತದೆ ನನಗೆ.

ಮೂರನೇ ಪಾಳಿ:
ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಅಲ್ಲಿ ನೋಡಿದ್ದು ನಿಂತಾಗ ಬಿಪಿ ಬೀಳುವ ವಯಸ್ಸಾದವರನ್ನು. ಮಲಗಿದಾಗ 178 ಇರುವವರನ್ನೇ ಆರಿಸಿ ನೋಡಿದ್ದಲ್ಲ. ಎತ್ತರವೂ 15 ಸೆಂ.ಮೀ. ಮಾತ್ರ. ಯಾವ ಕೋನ ಸಾಕು, ಯಾರಿಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಕಡಿಮೆ, ಒಪ್ಪುತ್ತೇನೆ. ಅದಕ್ಕೇ ರಾತ್ರಿ-ಬೆಳಿಗ್ಗೆ ತೂಕ ಬರೆಯಿರಿ ಅನ್ನೋದು. ಮೂರ್ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ದಿಮ್ಮಿ ತೆಗೆದರಾಯಿತು.

ಸಂಜೆಬಿಸಿಲು:
ನಮ್ಮಲ್ಲಿ ಕಂಡಿತು, ಆದರೆ ಪೂರ್ತಿ ಗುಣ ಅಲ್ಲ. ಮಲಗಿದಾಗ 186 ಇದ್ದದ್ದು 160ರ ಆಸುಪಾಸಿಗೆ ಬಂತು. ಇನ್ನೂ ಹೆಚ್ಚಿದ್ದರೆ ರಾತ್ರಿ ಮಾತ್ರ ಕೆಲಸ ಮಾಡುವ ಬಿಪಿ ಮಾತ್ರೆ ಕೊಡಬಹುದು ಅಂತ ಒಬ್ಬ ಡಾಕ್ಟರು, ಬೇಡವೇ ಬೇಡ ಅಂತ ಇನ್ನೊಬ್ಬರು. ಒಬ್ಬರಿಗೆ ಪಾರ್ಶ್ವವಾಯುವಿನ ಭಯ. ಇನ್ನೊಬ್ಬರಿಗೆ ಮಧ್ಯರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟದ ಮೂಳೆ ಮುರಿಯುವ ಭಯ. ನಮಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಸದ್ಯಕ್ಕೆ ಮಾತ್ರೆ ಇಲ್ಲದೆ, ಮಂಚದ ಪಕ್ಕ ಮೂತ್ರದ ಬಾಟಲಿ ಇಟ್ಟುಕೊಂಡು ನಡೆಸುತ್ತಿದ್ದೇವೆ. ಮಲಗುವ ಮುಂಚೆ ಒಂದೇ ಸಲ ಚೊಂಬು ನೀರು ಕುಡಿಸಬೇಡಿ. ಇಂಥವರಿಗೆ ಅದೇ ಅರ್ಧ ಗಂಟೆಯಲ್ಲಿ ಬಿಪಿ ಏರಿಸುತ್ತದೆ. ಬೆಳಿಗ್ಗೆ ಏಳುವ ಮುಂಚೆ ಕುಡಿಸಿ, ಆಗ ಅದು ಅನುಕೂಲಕ್ಕೆ ಬರುತ್ತದೆ.

ಹಳೇ ರೇಡಿಯೋ:
ಇವತ್ತು ಮಾವನನ್ನು ನಿಲ್ಲಿಸಿ ನೋಡಿದೆ. 86. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಥ್ಯಾಂಕ್ಸ್ ಸಂಜೆಬಿಸಿಲು ಮೇಡಂ.

ದೊಡ್ಡಮಗಳು (ಮೂರು ವಾರದ ನಂತರ):
ಮಿಡೋಡ್ರಿನ್ ಕೊನೆಯ ಡೋಸ್ ಸಂಜೆ 4:30ಕ್ಕೆ ಬದಲಿಸಿದರು. ಪ್ರಾಸ್ಟೇಟ್ ಮಾತ್ರೆ ಬಗ್ಗೆ ಇನ್ನೂ ಯೋಚಿಸುತ್ತಿದ್ದಾರೆ. ಮಂಚ 18 ಸೆಂ.ಮೀ.ಗೆ ಬಂದಿದೆ, ಅದಕ್ಕಿಂತ ಮೇಲೆ ಅಪ್ಪ ಒಪ್ಪುತ್ತಿಲ್ಲ. ಅಮ್ಮ "ಗುಡ್ಡದ ಮೇಲೆ ಮಲಗಕ್ಕಾಗಲ್ಲ" ಅಂತ ಬೇರೆ ರೂಮಿಗೆ ಹೋಗಿಬಿಟ್ಟರು.

ರಾತ್ರಿ ತೂಕ ಮೊದಲು 1.3 ಕೆ.ಜಿ. ಇಳಿಯುತ್ತಿತ್ತು, ಈಗ 0.7. ಮೂತ್ರಕ್ಕೆ ಮೂರು ಸಲ. ಬೆಳಿಗ್ಗೆ ಮಲಗಿದಾಗ 162, ನಿಂತ 3ನೇ ನಿಮಿಷಕ್ಕೆ 106. ಇದರಲ್ಲಿ ಮಂಚದ ಪಾಲೆಷ್ಟು, ಮಾತ್ರೆ ಸಮಯದ ಪಾಲೆಷ್ಟು ಗೊತ್ತಿಲ್ಲ, ಎರಡೂ ಒಟ್ಟಿಗೇ ಮಾಡಿದ್ದು ನನ್ನ ತಪ್ಪು. ಪಾದ ಸ್ವಲ್ಪ ಊದುತ್ತಿದೆ.

ಇನ್ನೊಂದು. ಮಧ್ಯಾಹ್ನ ಊಟ ಆದ ತಕ್ಷಣ ಸೋಫಾ ಮೇಲೆ ಚಪ್ಪಟೆ ಮಲಗುತ್ತಾರೆ. ಅದಕ್ಕೇನು ಮಾಡೋದು?

ಮೂರನೇ ಪಾಳಿ:
ಊಟದ ನಂತರ ಇಂಥವರಿಗೆ ಬಿಪಿ ಬೀಳುತ್ತದೆ, ಅದಕ್ಕೇ ಮಲಗಬೇಕು ಅನ್ನಿಸುತ್ತದೆ. ಹಗಲಲ್ಲಿ ಆದಷ್ಟು ಚಪ್ಪಟೆ ಬೇಡ, ಮಿಡೋಡ್ರಿನ್ ಒಳಗಿರುವಾಗಂತೂ ಬೇಡವೇ ಬೇಡ. ಒರಗು ಕುರ್ಚಿಯಲ್ಲಿ ಕಾಲು ಕೆಳಗೆ ಬಿಟ್ಟು ತೂಕಡಿಸಲಿ. ತೀರಾ ಕಣ್ಣು ಕತ್ತಲೆ ಬಂದರೆ ಮಾತ್ರ ಮಲಗಿಸಿ, ಸರಿಹೋದ ಮೇಲೆ ಮತ್ತೆ ಒರಗಿಸಿ ಕೂರಿಸಿ. ಪಾದದ ಊತ ಎರಡೂ ಕಾಲಿಗೆ ಸಮ ಇದೆಯಾ ನೋಡಿ. ಒಂದೇ ಕಾಲು ಊದಿದ್ದರೆ, ನೋವಿದ್ದರೆ ಕಾಯಬೇಡಿ, ತೋರಿಸಿ.

ದೊಡ್ಡಮಗಳು:
ಎರಡೂ ಸಮ ಇದೆ. ಕುರ್ಚಿ ತಂದಾಯಿತು. ಅಪ್ಪ ಅದರ ಮೇಲೆ ಪೇಪರ್ ಇಟ್ಟು, ಸೋಫಾ ಮೇಲೆ ಮಲಗಿದ್ದಾರೆ.