ಮೇಷ್ಟ್ರು ಹೇಳಿದ್ದೇನು, ಮಾವ ಕೇಳಿಸಿಕೊಂಡಿದ್ದೇನು

ದೀಪು: ಇವತ್ತು ಕಾಮರ್ಸ್ ಮೊದಲ ವರ್ಷದವರಿಗೆ ಓರಿಯೆಂಟೇಶನ್ ಇತ್ತು. ಫೈನಾನ್ಸ್ ಮೇಷ್ಟ್ರ ಮಾತು ರೆಕಾರ್ಡ್ ಮಾಡಿ ಹಾಕಿದ್ದೇನೆ. ಎಲ್ಲರೂ ಕೇಳಿ.

ಮೋಹನ ಮಾವ: ಕೇಳಿದೆ. ನಾನು ಯಾವಾಗಲೂ ಹೇಳೋದೂ ಇದೇ ಅಲ್ವಾ? ರಿಸ್ಕ್ ತಗೊಂಡವನಿಗೇ ದುಡ್ಡು 💪

ಶೋಭಾ ಅಕ್ಕ: ಮಾವ, ಅವರು ಹಾಗೆ ಹೇಳಲಿಲ್ಲ. ಜಾಸ್ತಿ ಲಾಭ ನಿರೀಕ್ಷಿಸುವವರು ರಿಸ್ಕ್ ಹೊರಬೇಕು ಅಂದರು. ರಿಸ್ಕ್ ಹೊತ್ತವರಿಗೆಲ್ಲ ಲಾಭ ಬರುತ್ತದೆ ಅನ್ನಲಿಲ್ಲ. ಲಾಟರಿಯಲ್ಲೂ ರಿಸ್ಕ್ ಇದೆ. ಆದರೆ ಟಿಕೆಟಿಗೆ ಬಂದ ದುಡ್ಡಿಗಿಂತ ಹಂಚುವ ಬಹುಮಾನ ಕಡಿಮೆ.

ಮೋಹನ ಮಾವ: ಲಾಟರಿ ಜೂಜು, ಬಿಡು. ಷೇರಿಗೆ ಬಾ. ನಾವು ಹೆದರುತ್ತೇವೆ ಅಂತ ಕಂಪನಿ ಕರುಣೆಯಿಂದ ಜಾಸ್ತಿ ಕೊಡುತ್ತದಾ?

ಶೋಭಾ ಅಕ್ಕ: ಇಲ್ಲ. ಕಂಪನಿ ಏನೂ ಜಾಸ್ತಿ ಕೊಡಬೇಕಾಗಿಲ್ಲ, ಷೇರಿನ ಬೆಲೆ ಇಳಿಯುತ್ತದೆ. ಒಂದು ಸಾಲಪತ್ರ ಇದೆ ಅಂದುಕೊಳ್ಳಿ. ಇವತ್ತಿನ ಬೆಲೆ 100, ವರ್ಷದ ಮೇಲೆ ಖಚಿತವಾಗಿ 105. ಪಕ್ಕದಲ್ಲಿ ಒಂದು ಷೇರು. ವರ್ಷದ ಮೇಲೆ ಅದು 140 ಆಗಬಹುದು, 70 ಆಗಬಹುದು, ಎರಡಕ್ಕೂ ಸಮ ಸಾಧ್ಯತೆ. ಸರಾಸರಿ ಎಷ್ಟು?

ದೀಪು: ಅದೂ 105!

ಶೋಭಾ ಅಕ್ಕ: ಹೌದು. ಹಾಗಾದರೆ ಷೇರಿಗೂ 100 ಕೊಟ್ಟು ಯಾರು ತಗೊಳ್ತಾರೆ? ಸುಮ್ನೆ ನಿದ್ದೆ ಕೆಡಿಸಿಕೊಳ್ಳೋಕಾ? ಕೊಳ್ಳುವವರು ಹಿಂದೆ ಸರಿದಾಗ ಬೆಲೆ ಇಳಿಯುತ್ತದೆ, 95ಕ್ಕೆ ನಿಂತಿತು ಅನ್ನೋಣ. ಈಗ 95 ಹಾಕಿದವನಿಗೆ ಸರಾಸರಿ 105, ಅಂದರೆ ಶೇಕಡ 10.5 ನಿರೀಕ್ಷೆ. ಸಾಲಪತ್ರದಲ್ಲಿ ಶೇಕಡ 5. ಕಂಪನಿ ಅದೇ, ಅದರ ದುಡಿಮೆಯೂ ಅದೇ. ಆ ಹೆಚ್ಚಿನ ಲಾಭ ಬಂದಿದ್ದು ಅಗ್ಗಕ್ಕೆ ಸಿಕ್ಕಿದ್ದರಿಂದ. ಆದರೂ ಕೆಟ್ಟ ವರ್ಷ ಬಂದರೆ 95 ಹೋಗಿ 70 ಉಳಿಯುತ್ತದೆ. ಆ 25ರ ನಷ್ಟ ನಿಜವಾದದ್ದು, ಮಾವ.

ಮೋಹನ ಮಾವ: ಸರಿ, ಒಪ್ಪಿದೆ. ಅಂದರೆ ನಾನು ಇರೋದೆಲ್ಲ ಒಂದೇ ಕಂಪನಿಗೆ ಹಾಕಿರೋದು ಇನ್ನೂ ಒಳ್ಳೆಯದಾಯ್ತು. ಅಷ್ಟು ರಿಸ್ಕ್ ಯಾರೂ ತಗೊಂಡಿಲ್ಲ 😄

ಚಿಕ್ಕಮ್ಮ: ಎಲ್ಲಾನೂ ಒಂದೇ ಕಡೆನಾ? ಅತ್ತಿಗೆಗೆ ಗೊತ್ತಾ?

ಶೋಭಾ ಅಕ್ಕ: ಅದಕ್ಕೆ ಯಾರೂ ರಿಯಾಯಿತಿ ಕೊಡಲ್ಲ, ಮಾವ. ಆ ಕಂಪನಿಯ ಕಾರ್ಖಾನೆಯಲ್ಲಿ ಮುಷ್ಕರ ಆಗಬಹುದು, ಮಾಲು ಓಡದೆ ಇರಬಹುದು. ಐವತ್ತು ಕಂಪನಿಗಳಿಗೆ ಹಂಚಿದವನಿಗೆ ಅದು ತಟ್ಟುವುದೇ ಇಲ್ಲ ಅನ್ನಬಹುದು. ಅವನು ಹೆದರದೆ ಪೂರ್ತಿ ಬೆಲೆ ಕೊಡುತ್ತಾನೆ. ಬೆಲೆ ನಿಲ್ಲುವುದು ಅವನಂಥವರ ಲೆಕ್ಕದಲ್ಲಿ, ನಿಮ್ಮ ಭಯದ ಲೆಕ್ಕದಲ್ಲಿ ಅಲ್ಲ. ನೀವು ಹೊತ್ತಿರೋದು ಸಂಬಳ ಇಲ್ಲದ ರಿಸ್ಕ್.

ದೀಪು: ಮತ್ತೆ ಸಂಬಳ ಯಾವುದಕ್ಕೆ?

ಶೋಭಾ ಅಕ್ಕ: ಎಷ್ಟು ಹಂಚಿದರೂ ಹೋಗದೆ ಉಳಿಯೋದಕ್ಕೆ. ಆರ್ಥಿಕತೆಯೇ ಕುಸಿದರೆ ಐವತ್ತೂ ಒಟ್ಟಿಗೆ ಬೀಳುತ್ತವೆ, ಆಗ ತಪ್ಪಿಸಿಕೊಳ್ಳಲು ಜಾಗ ಇಲ್ಲ. 1964ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ ಬರೆದ ಲೇಖನದ ತಿರುಳು ಇದೇ. 1990ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಮೋಹನ ಮಾವ: ನೊಬೆಲ್ ಇರಲಿ. ನನ್ನ ಕಂಪನಿ ಹೋದ ವರ್ಷ ಎಷ್ಟು ಏರಿತು ಗೊತ್ತಾ?

ಶೋಭಾ ಅಕ್ಕ: ನಿಮಗೆ 140 ಬಿತ್ತು, ಮಾವ. 70ನ್ನು ಇನ್ನೂ ಯಾರೂ ಅಳಿಸಿಲ್ಲ.

ಚಿಕ್ಕಮ್ಮ: ನಾನು ಅತ್ತಿಗೆಗೆ ಫೋನ್ ಮಾಡ್ತಿದ್ದೇನೆ.