ಬ್ಯಾಗ್ ತುಂಬುತ್ತಲೇ ಇದೆ, ಕುಡಿದಷ್ಟೂ ಬಾಯಾರಿಕೆ

ಪ್ರಶ್ನೆ (ತಾಲ್ಲೂಕು ಆಸ್ಪತ್ರೆ ವೈದ್ಯೆ): ಸರ್, 46 ವರ್ಷದ ರೈತರು. ರಕ್ತನಾಳ ಕಟ್ಟಿಕೊಂಡು ಕರುಳು ಕೊಳೆತು ಆಪರೇಷನ್ ಆಗಿದೆ. ಉಳಿದಿರೋದು ಸಣ್ಣ ಕರುಳಿನ ಮೇಲಿನ ಭಾಗ, ಅಂದ್ರೆ ಜೆಜುನಮ್, ಸುಮಾರು 110 ಸೆಂ.ಮೀ. ಅದರ ತುದಿಯನ್ನೇ ಹೊಟ್ಟೆ ಮೇಲೆ ತೆರೆದು ಸ್ಟೋಮಾ ಮಾಡಿದೆ. ಬ್ಯಾಗಿಗೆ ದಿನಕ್ಕೆ 2.8 ಲೀಟರ್ ಬರ್ತಿದೆ, ಮೂತ್ರ ಬರೀ 400 ಮಿ.ಲೀ. ನೀರು, ಎಳನೀರು, ತಿಳಿಮಜ್ಜಿಗೆ ಸೇರಿ ಮೂರೂವರೆ ಲೀಟರ್ ಕುಡಿಸ್ತಿದ್ದೀವಿ, ಆದ್ರೂ ಬಾಯಾರಿಕೆ ಹೋಗ್ತಿಲ್ಲ. ಕ್ರಿಯಾಟಿನಿನ್ 1.7. ಪೊಟ್ಯಾಶಿಯಂ 2.9, ಸಿರಪ್ ಕೊಟ್ರೂ ಏರ್ತಿಲ್ಲ. ರಾತ್ರಿ ಕಾಲು ಸೆಳೆತ. ಇನ್ನೂ ಎಷ್ಟು ಕುಡಿಸ್ಬೇಕು?

ಉತ್ತರ (ಕರುಳಿನ ಶಸ್ತ್ರಚಿಕಿತ್ಸಕ): ಡಾಕ್ಟ್ರೇ, ಜಾಸ್ತಿ ಅಲ್ಲ, ಕಡಿಮೆ ಕುಡಿಸಿ. ಜೆಜುನಮ್‌ಗೆ ಉಪ್ಪಿಲ್ಲದ ನೀರು ಬಂದರೆ ಅದು ರಕ್ತದಿಂದ ಸೋಡಿಯಂ ಎಳೆದು ಒಳಗೆ ಸುರಿಯುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. ಆ ಸ್ಟೋಮಾದ ಒಂದು ಲೀಟರಿನಲ್ಲಿ ಹತ್ತಿರಹತ್ತಿರ 100 ಮಿಲಿಮೋಲ್ ಸೋಡಿಯಂ ಇರುತ್ತೆ. 2.8 ಲೀಟರ್ ಅಂದ್ರೆ ದಿನಕ್ಕೆ 16 ಗ್ರಾಂ ಅಡುಗೆ ಉಪ್ಪು ಬ್ಯಾಗಿಗೆ ಹೋಗ್ತಿದೆ. ಬಾಯಾರಿಕೆ ಅದರಿಂದಲೇ. ನೀರು ಕೊಟ್ಟಷ್ಟೂ ನಷ್ಟ ಹೆಚ್ಚುತ್ತೆ.

ಮೊದಲು ಮೂತ್ರದ ಸ್ಪಾಟ್ ಸೋಡಿಯಂ ಕಳಿಸಿ. ರಕ್ತದ ಸೋಡಿಯಂ ನಾರ್ಮಲ್ ಇದ್ದರೂ ಇದು 20ಕ್ಕಿಂತ ಕೆಳಗಿದ್ದರೆ ಉಪ್ಪು ಬರಿದಾಗಿದೆ ಅಂತ. ಜೊತೆಗೆ ಮೆಗ್ನೀಷಿಯಂ. ಇಬ್ಬರು ನರ್ಸ್‌ಗಳು ಬರೆದ ಚಾರ್ಟ್ ಹೋಲಿಸಿ ನೋಡಿ. ಸೋರಿ ಹಾಸಿಗೆಗೆ ಹೋದದ್ದನ್ನು ಯಾರೂ ಬರೆಯಲ್ಲ, ಬೆಳಗಿನ ತೂಕ ಮಾತ್ರ ಅದನ್ನು ಹೇಳುತ್ತೆ. ನಂತರ ಒಂದು ದಿನ ಬಾಯಿಗೆ ಏನೂ ಕೊಡದೆ ನಾರ್ಮಲ್ ಸಲೈನ್ ಹಾಕಿ, ಬ್ಯಾಗ್ ಎಷ್ಟು ಬರುತ್ತೆ ಅಳೆಯಿರಿ.

ಒಬ್ಬ ಫಾರ್ಮಸಿಸ್ಟ್: ಸರ್, ಉಪ್ಪು ಬೇಕು ಅಂದ್ರೆ ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರಿಗೆ ಕಲಸಿ ಕೊಟ್ರೆ ಮುಗೀತಲ್ಲ?

ಶಸ್ತ್ರಚಿಕಿತ್ಸಕ: ದಾರಿ ಸರಿ, ಸ್ವಲ್ಪ ಕೊರತೆ. ಪ್ಯಾಕೆಟ್ಟಿನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ. ಭೇದಿಗೆ ಅದು ಚೆನ್ನಾಗಿದೆ, ಈ ಕರುಳಿಗೆ 90 ಆದರೂ ಬೇಕು. ಒಂದು ಲೀಟರ್ ಕುಡಿಯುವ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ತೂಗಿ ಹಾಕಿ. ದಿನಪೂರ್ತಿ ಗುಟುಕು ಗುಟುಕಾಗಿ ಒಂದು ಲೀಟರಿನಷ್ಟು. ಬೇರೆ ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ಅರ್ಧ ಲೀಟರ್ ದಾಟಬಾರದು. ಎಳನೀರಲ್ಲಿ ಸೋಡಿಯಂ ಕಡಿಮೆ, ಸದ್ಯಕ್ಕೆ ಬೇಡ. ತಣ್ಣಗೆ ಮಾಡಿ, ನಿಂಬೆ ಹಿಂಡಿ ಕೊಟ್ಟರೆ ಕುಡಿಯುತ್ತಾರೆ.

ಇನ್ನೊಬ್ಬರು: ನಮ್ಮ ತಂದೆಗೂ ಬ್ಯಾಗ್ ಇದೆ. ಡಾಕ್ಟ್ರು ನೀರು ಜಾಸ್ತಿ ಕುಡೀರಿ, ಸೊಪ್ಪು ತರಕಾರಿ ತಿನ್ನಿ ಅಂದಿದ್ರು. ಈಗ ನಿಲ್ಲಿಸ್ಬೇಕಾ?

ಶಸ್ತ್ರಚಿಕಿತ್ಸಕ: ಅವರ ಬ್ಯಾಗಿಗೆ ಗಟ್ಟಿ ಮಲ ಬರ್ತಿದ್ರೆ ಅದು ದೊಡ್ಡ ಕರುಳಿನದಿರಬಹುದು, ಅವರ ಡಾಕ್ಟ್ರು ಹೇಳಿದ್ದೇ ಸರಿ. ಇಲ್ಲಿನ ಮಾತು ಅವರಿಗಲ್ಲ.

ವೈದ್ಯೆ: ಸರ್, ಮೂತ್ರದ ಸೋಡಿಯಂ 8. ಮೆಗ್ನೀಷಿಯಂ 0.9. ಸಲೈನ್ ಮೇಲೆ ಬ್ಯಾಗ್ 1.2 ಲೀಟರಿಗೆ ಇಳೀತು, ಬಾಯಾರಿಕೆಯೂ ಹೋಯ್ತು. ಭೇದಿ ತಡೆಯೋಕೆ ಕೊಟ್ಟ ಲೋಪೆರಮೈಡ್ ಕ್ಯಾಪ್ಸೂಲ್ ಬ್ಯಾಗಲ್ಲಿ ಹಾಗೇ ಇಡಿಯಾಗಿ ಸಿಗ್ತಿದೆ.

ಶಸ್ತ್ರಚಿಕಿತ್ಸಕ: ಪೊಟ್ಯಾಶಿಯಂ ಏಕೆ ಏರಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಉಪ್ಪು ಕಡಿಮೆಯಾದಾಗ ದೇಹ ಆಲ್ಡೋಸ್ಟೆರಾನ್ ಹೆಚ್ಚಿಸಿ ಸೋಡಿಯಂ ಉಳಿಸಿಕೊಳ್ಳುತ್ತೆ, ಬದಲಿಗೆ ಪೊಟ್ಯಾಶಿಯಂ, ಮೆಗ್ನೀಷಿಯಂ ಎರಡನ್ನೂ ಮೂತ್ರಕ್ಕೆ ಬಿಡುತ್ತೆ. ಮೆಗ್ನೀಷಿಯಂ ಕಡಿಮೆ ಇರೋತನಕ ಪೊಟ್ಯಾಶಿಯಂ ನಿಲ್ಲಲ್ಲ. ಹಾಗಾಗಿ ಮೊದಲು ಸಲೈನ್, ಅದರಲ್ಲೇ ನಿಧಾನವಾಗಿ ಮೆಗ್ನೀಷಿಯಂ ಸಲ್ಫೇಟ್. ಕ್ರಿಯಾಟಿನಿನ್ ಏರಿದೆ, ಹಾಗಾಗಿ ಡೋಸ್ ಕಡಿಮೆ ಮಾಡಿ, ಮಟ್ಟ ಮತ್ತೆ ನೋಡಿ. ಕಾಲು ಸೆಳೆತವೂ ಬಹುಶಃ ಇಳಿಯುತ್ತೆ.

ಕ್ಯಾಪ್ಸೂಲ್ ಬಿಚ್ಚಿ ಪುಡಿ ಕೊಡಿ, ಊಟಕ್ಕೆ ಅರ್ಧ ಗಂಟೆ ಮೊದಲು. ಡೋಸ್ ಏರಿಸುವ ಮುನ್ನ ಇಸಿಜಿ ನೋಡಿ, ಪೊಟ್ಯಾಶಿಯಂ ಇಷ್ಟು ಕಡಿಮೆ ಇರುವಾಗ ಏರಿಸಲೇಬೇಡಿ.

ಬಿ12 ರಿಪೋರ್ಟ್ ಈಗ ನಾರ್ಮಲ್ ಬಂದರೂ ನಂಬಬೇಡಿ. ಲಿವರ್‌ನಲ್ಲಿ ವರ್ಷಗಟ್ಟಲೆ ದಾಸ್ತಾನಿರುತ್ತೆ, ಅದನ್ನು ಹೀರುವ ಸಣ್ಣ ಕರುಳಿನ ಕೊನೆ ಭಾಗ, ಇಲಿಯಮ್ಮೇ ಈಗ ಇಲ್ಲ. ಇಂಜೆಕ್ಷನ್ ಶುರು ಮಾಡಿ, ಅದು ಜೀವನಪೂರ್ತಿ. ಬ್ಯಾಗಿನ ದ್ರವದ ಜೊತೆ ಜಿಂಕ್ ಸಹ ಹೋಗುತ್ತೆ. ಸೋಂಕಿದ್ದಾಗ ರಕ್ತದ ಜಿಂಕ್ ಹಾಗೇ ಕಡಿಮೆ ತೋರಿಸುತ್ತೆ, ಆದ್ದರಿಂದ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಜೊತೆಗಿಟ್ಟು ಓದಿ. ಬಾಯಿ ಸುತ್ತ ಕೆಂಪು ಹುಣ್ಣು, ರುಚಿ ತಿಳಿಯದಿರುವುದು ಕಂಡರೆ ಜಿಂಕ್ ಕೊಡಲು ಕಾಯಬೇಡಿ.

ವೈದ್ಯೆ: ಆಮ್ಲ ತಗ್ಗಿಸೋ ಒಮೆಪ್ರಜೋಲ್ ಮುಂದುವರಿಸ್ಲಾ? ಅದೂ ಮೆಗ್ನೀಷಿಯಂ ಇಳಿಸುತ್ತಲ್ವಾ?

ಶಸ್ತ್ರಚಿಕಿತ್ಸಕ: ಇಳಿಸುತ್ತೆ. ಆದರೆ ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಆಮ್ಲ ಜಾಸ್ತಿ ಸುರಿಯುತ್ತೆ, ಬ್ಯಾಗ್ ತುಂಬೋದಕ್ಕೆ ಅದೂ ಕಾರಣ. ನಾನು ಈಗ ಮುಂದುವರಿಸ್ತೀನಿ, ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಒಪ್ಪಲ್ಲ. ದೊಡ್ಡ ಕರುಳು ಎಷ್ಟು ಉಳಿದಿದೆ? ಆಪರೇಷನ್ ನೋಟ್ ಸಿಕ್ಕರೆ ಹಾಕಿ. ಮುಂದೆ ಅದಕ್ಕೆ ಜೋಡಿಸಲು ಬಂದರೆ ಉಪ್ಪಿನ ಲೆಕ್ಕ ಪೂರ್ತಿ ಬದಲಾಗುತ್ತೆ.