ಬೆಂಗಳೂರಿನ ಹೊರಮಾವಿನಲ್ಲಿ ಹಳೇ ಫ್ಲ್ಯಾಟ್: "ಕಾವೇರಿ ಇದೆ, ಎರಡು ಬೋರ್ ಇದೆ" ಅಂತಾರೆ, ನಂಬೋದು ಹೇಗೆ?

ಸುಮಾ_ಹಾಸನ: ನಲವತ್ತು ಮನೆಗಳ ಅಪಾರ್ಟ್‌ಮೆಂಟ್, ಕಟ್ಟಿ ಹನ್ನೊಂದು ವರ್ಷ. ಮೆಂಟೆನೆನ್ಸ್ ತಿಂಗಳಿಗೆ 3,500. ಮಾರುವವರು ನೀರಿಗೆ ತೊಂದರೆಯೇ ಇಲ್ಲ ಅಂತಾರೆ. ಆದರೆ ನಾನು ಹೋದ ಎರಡು ಸಲವೂ ಗೇಟಿನಲ್ಲಿ ಟ್ಯಾಂಕರ್ ನಿಂತಿತ್ತು. ಅಗ್ರಿಮೆಂಟ್‌ಗೆ ಇನ್ನು ಎರಡು ವಾರ ಇದೆ. ಏನು ನೋಡಲಿ?

ರವಿಕಿರಣ್: ಭಯ ಬೇಡ ಮೇಡಂ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತಲ್ಲ, ದಿನಕ್ಕೆ 77.5 ಕೋಟಿ ಲೀಟರ್, ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ್ದು. ನೀರಲ್ಲಿ ಲವಣ ಎಷ್ಟು ಕರಗಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ಒಂದು ತಗೊಂಡು ಅಡುಗೆಮನೆ ನಲ್ಲಿ ನೀರು ನೋಡಿ. 300ರ ಒಳಗಿದ್ದರೆ ಕಾವೇರಿ, ಜಾಸ್ತಿ ಇದ್ದರೆ ಬೋರ್.

ಸಂಪು_ಮೇಲ್ವಿಚಾರಕ: ಒಂಬತ್ತು ವರ್ಷ ನಮ್ಮ ಅಪಾರ್ಟ್‌ಮೆಂಟಿನ ನೀರು ನಾನೇ ನೋಡಿಕೊಂಡವನು. ರವಿ ಅವರೇ, ಯೋಜನೆ ಬಂದಿರೋದು ನಿಜ. ಆದರೆ ಬೀದಿಗೆ ಪೈಪು ಬರೋದೇ ಬೇರೆ, ದುಡ್ಡು ಕಟ್ಟಿ ಕನೆಕ್ಷನ್ ತಗೊಳ್ಳೋದೇ ಬೇರೆ, ಸಂಪಿಗೆ ದಿನಕ್ಕೆಷ್ಟು ಬೀಳುತ್ತೆ ಅನ್ನೋದೇ ಬೇರೆ. ಅಡುಗೆಮನೆ ನಲ್ಲಿಯಲ್ಲಿ ಬರೋದು ಎಲ್ಲ ಸೇರಿದ ನೀರು, ಅದನ್ನ ಅಳೆದರೆ ಏನೂ ಗೊತ್ತಾಗಲ್ಲ. ಸಾಫ್ಟ್‌ನರ್ ಇದ್ದರೆ ಸೋಪು ನೊರೆ ಬರುತ್ತೆ, ಟಿಡಿಎಸ್ ಮಾತ್ರ ಇಳಿಯಲ್ಲ.

ಸುಮಾ ಅವರೇ, ಮೂರು ಕಾಗದ ಕೇಳಿ. ನವೆಂಬರ್ ಮತ್ತು ಏಪ್ರಿಲ್‌ನ ಜಲಮಂಡಳಿ ಬಿಲ್ಲು, ಅದೇ ಎರಡು ತಿಂಗಳಲ್ಲಿ ಸೆಕ್ಯೂರಿಟಿಯವರು ಬರೆದ ಟ್ಯಾಂಕರ್ ಪುಸ್ತಕ, ಮತ್ತೆ ಆ ತಿಂಗಳ ಮೆಂಟೆನೆನ್ಸ್ ರಸೀದಿ. ಮಳೆಗಾಲ ಮುಗಿದ ತಿಂಗಳದ್ದು ಮಾತ್ರ ತೋರಿಸಿದರೆ ಒಪ್ಪಬೇಡಿ. ಜೊತೆಗೆ ನೀರು ಯಾವ ದಿನ ಬಿಡ್ತಾರೆ ಅಂತ ಬೀದಿಯ ಕೊನೇ ಮನೆಯವರನ್ನ ಕೇಳಿ. ಮೊದಲ ಮನೆಯವರಿಗೆ ಯಾವತ್ತೂ ಚೆನ್ನಾಗೇ ಬರುತ್ತೆ.

ಗಿರೀಶ್_ಕೆಂಗೇರಿ: ನಮ್ಮದು 30x40 ಸೈಟು. ಬೋರ್ ಎಷ್ಟು ಅಡಿ ಕೊರೆಸಬೇಕು ಅಂತ ಯಾರಾದ್ರೂ ಹೇಳ್ತೀರಾ? ಪಕ್ಕದವರಿಗೆ ಎರಡಿಂಚು ನೀರು ಬಿದ್ದಿದೆ.

ಸಂಪು_ಮೇಲ್ವಿಚಾರಕ: ಗಿರೀಶ್, ಇಲ್ಲಿ ಕೇಳ್ತಿರೋದು ಬೇರೆ. ಆದರೂ ಒಂದು ಮಾತು: ಅನುಮತಿ ತಗೊಳ್ಳದೆ ಕೊರೆಸಬೇಡಿ. ಎರಡಿಂಚು ಅನ್ನೋದು ಕೊರೆದ ದಿನದ ಲೆಕ್ಕ. ಏಪ್ರಿಲ್‌ನಲ್ಲಿ ಮೋಟಾರು ಮೂರು ಗಂಟೆ ಬಿಡದೆ ಓಡಿದಾಗಲೂ ಧಾರೆ ಒಂದೇ ಸಮ ಬರುತ್ತಾ, ಗಾಳಿ ಉಗುಳಿ ಬಿಟ್ಟು ಬಿಟ್ಟು ಬರುತ್ತಾ, ಅದನ್ನ ಕೇಳಿ.

ಸುಮಾ_ಹಾಸನ: ಕಾರ್ಯದರ್ಶಿಯವರು ಪುಸ್ತಕ ಕೊಟ್ಟರು, ಒಳ್ಳೆಯವರು. ಬಿಲ್ಲು ಎರಡೂ ತಿಂಗಳು ಸುಮಾರು 210 ಕಿಲೋಲೀಟರ್. ಟ್ಯಾಂಕರ್ ನವೆಂಬರ್‌ನಲ್ಲಿ 5, ಏಪ್ರಿಲ್‌ನಲ್ಲಿ 44. ಎಲ್ಲ ಆರು ಸಾವಿರ ಲೀಟರಿನವು, ಲೋಡಿಗೆ ಸಾವಿರ ರೂಪಾಯಿ.

ಸಂಪು_ಮೇಲ್ವಿಚಾರಕ: ಹಾಗಾದರೆ ಲೆಕ್ಕ ಹಾಕೋಣ. ಮನೆಗೆ ಮೂರು ಜನ, ತಲೆಗೆ 135 ಲೀಟರ್ ಅಂದರೆ ನಲವತ್ತು ಮನೆಗೆ ದಿನಕ್ಕೆ 16,200 ಲೀಟರ್ ಬೇಕು. ಕಾವೇರಿಯಿಂದ ಸರಾಸರಿ 7,000 ಸಿಗ್ತಿದೆ. ಉಳಿದ 9,200ರಲ್ಲಿ ನವೆಂಬರ್‌ನಲ್ಲಿ ಟ್ಯಾಂಕರ್ ಕೊಟ್ಟದ್ದು ದಿನಕ್ಕೆ 1,000, ಅಂದರೆ ಬೋರ್‌ಗಳು 8,200 ಕೊಟ್ಟಿವೆ. ಏಪ್ರಿಲ್‌ನಲ್ಲಿ ಟ್ಯಾಂಕರ್ 8,800. ಎರಡು ಬೋರ್ ಸೇರಿ ಕೊಟ್ಟದ್ದು ಬರೀ 400. ಜನ ಇನ್ನೂ ಧಾರಾಳವಾಗಿ ಬಳಸ್ತಿದ್ದರೆ ಬೋರ್ ಸ್ವಲ್ಪ ಹೆಚ್ಚು ಕೊಟ್ಟಿರಬಹುದು. ಆದರೂ ಬೇಸಿಗೆಯಲ್ಲಿ ಆ ಬೋರ್‌ಗಳನ್ನ ನಂಬೋ ಹಾಗಿಲ್ಲ. 44 ಲೋಡಿನ ಖರ್ಚು ಮನೆಗೆ 1,100 ಬೀಳುತ್ತೆ. ಅದು 3,500ರ ಒಳಗಿದೆಯಾ ಅಂತ ರಸೀದಿ ನೋಡಿ.

ಸುಮಾ_ಹಾಸನ: ಇಲ್ಲ, "ಹೆಚ್ಚುವರಿ ನೀರು" ಅಂತ ಬೇರೆ ಸಾಲಿನಲ್ಲಿದೆ.

ಮಂಜುಳಾ_ಟಿ: ಸಾವಿರ ರೂಪಾಯಿ ಯಾಕೆ ಕೊಡಬೇಕು? ಮಾರ್ಚ್ 2024ರಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ಅಂತ ದರ ಕಟ್ಟಿತ್ತು.

ಸಂಪು_ಮೇಲ್ವಿಚಾರಕ: ಕಟ್ಟಿದ್ದು ನಿಜ ಮಂಜುಳಾ ಅವರೇ. ಆದರೆ ಸಂಪು ಖಾಲಿಯಾದ ಬೆಳಿಗ್ಗೆ ಯಾರೂ ಚೌಕಾಸಿ ಮಾಡಲ್ಲ. ಮನೆ ಕೊಳ್ಳುವವರು ಪುಸ್ತಕದಲ್ಲಿರೋ ದರವನ್ನೇ ಲೆಕ್ಕಕ್ಕೆ ಹಿಡೀಬೇಕು. ಸುಮಾ ಅವರೇ, ಕಾವೇರಿ ದಿನ ಬಿಟ್ಟು ದಿನ ಬರುತ್ತಾ? ಅದಕ್ಕೆ ಪ್ರತ್ಯೇಕ ಸಂಪು ಇದೆಯಾ, ಎಷ್ಟು ದೊಡ್ಡದು?

ಸುಮಾ_ಹಾಸನ: ಹೌದು, ದಿನ ಬಿಟ್ಟು ದಿನ, ಬೆಳಗಿನ ಜಾವ. ಸಂಪು ಪ್ರತ್ಯೇಕ, 15,000 ಲೀಟರ್ ಅಂತೆ.

ಸಂಪು_ಮೇಲ್ವಿಚಾರಕ: 210 ಕಿಲೋಲೀಟರನ್ನ ಹದಿನೈದು ಸರದಿಗೆ ಹಂಚಿದರೆ ಒಂದು ಸರದಿಗೆ 14,000. ಸಂಪಿನ ಅಳತೆಗೆ ತೀರಾ ಹತ್ತಿರ. ಸಂಪು ತುಂಬಿ ಬಾಲ್ ವಾಲ್ವ್ ಮುಚ್ಚಿದ ಮೇಲೂ ಪೈಪಿನಲ್ಲಿ ನೀರಿದೆಯೋ ಏನೋ. ಹಾಗಿದ್ದರೆ ಇನ್ನೊಂದು ಸಂಪು ಕಟ್ಟಿದರೆ ಟ್ಯಾಂಕರ್ ಎಷ್ಟೋ ಕಡಿಮೆ ಆಗುತ್ತೆ. ವಾಲ್ವ್ ಮುಚ್ಚೋ ಮೊದಲೇ ನೀರು ನಿಂತರೆ ಪೈಪೇ ಅಷ್ಟು ಕೊಡೋದು, ಸಂಪು ಕಟ್ಟಿ ಪ್ರಯೋಜನ ಇಲ್ಲ.

ಸುಮಾ_ಹಾಸನ: ಗುರುವಾರ ನೀರು ಬರುತ್ತಂತೆ. ಐದು ಗಂಟೆಗೇ ಹೋಗಿ ಸಂಪಿನ ಹತ್ತಿರ ನಿಲ್ತೀನಿ. ಮೀಟರ್ ಫೋಟೋನೂ ತೆಗೀತೀನಿ.